ಶಟರನ್ನು ಐವತ್ತಕ್ಕೆ ಕಟ್ಟಿಹಾಕಿ

ಹೊಸ ಮಿರರ್‌ಲೆಸ್ ಕ್ಯಾಮೆರಾ ಹಿಡಿದು ತರಗತಿಗೆ ಬಂದವರಿಗೆ ಮೊದಲ ದಿನ ನಾನು ಕೊಡುವ ಕೆಲಸ ಬಹಳ ಸಪ್ಪೆಯದು. ಜೋಗಕ್ಕೂ ಬೇಡ, ಕೊಡಚಾದ್ರಿಗೂ ಬೇಡ, ಮನೆಗೆ ಹೋಗಿ ಸೀಲಿಂಗ್ ಫ್ಯಾನಿನ ವಿಡಿಯೊ ತೆಗೆದುಕೊಂಡು ಬನ್ನಿ ಎನ್ನುತ್ತೇನೆ. ಕೆಲವರ ಮುಖ ಸಣ್ಣಗಾಗುತ್ತದೆ. ಅಷ್ಟು ದುಡ್ಡು ಸುರಿದು ಕ್ಯಾಮೆರಾ ತಂದದ್ದು ಫ್ಯಾನು ನೋಡುವುದಕ್ಕಾ ಎಂದು ಅವರಿಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಶಟರ್ ಸ್ಪೀಡ್ ಅಂದರೇನು ಎಂದು ಫ್ಯಾನು ಹೇಳಿಕೊಡುವಷ್ಟು ಚೆನ್ನಾಗಿ ನಾನು ಹೇಳಿಕೊಡಲಾರೆ.

ಮಾಡುವುದು ಹೀಗೆ. ಹಗಲು ಹೊತ್ತು, ಕಿಟಕಿ ತೆಗೆದಿರಲಿ, ಟ್ಯೂಬ್‌ಲೈಟ್ ಆರಿಸಿರಿ. ಫ್ಯಾನನ್ನು ಮಧ್ಯಮ ವೇಗಕ್ಕೆ ಇಡಿ. ಕ್ಯಾಮೆರಾವನ್ನು ವಿಡಿಯೊಗೆ ತಿರುಗಿಸಿ, ವಿಡಿಯೊದೊಳಗೆ M ಮೋಡ್ ಆರಿಸಿ, ಫ್ರೇಮ್ ರೇಟನ್ನು 25p ಎಂದು ಇಟ್ಟುಕೊಳ್ಳಿ. ಈ ಒಂದು ಸಲಕ್ಕೆ ಮಾತ್ರ ಐಎಸ್‌ಓ ಆಟೊದಲ್ಲಿರಲಿ. ಮೊದಲು ಶಟರ್ 1/1000 ಇಟ್ಟು ಹತ್ತು ಸೆಕೆಂಡು ತೆಗೆಯಿರಿ. ಆಮೇಲೆ 1/50 ಇಟ್ಟು ಹತ್ತು ಸೆಕೆಂಡು. ಕೊನೆಗೆ 1/25 ಇಟ್ಟು ಇನ್ನೊಂದು ಹತ್ತು ಸೆಕೆಂಡು.

ಈಗ ಮೂರನ್ನೂ ಒಂದೊಂದು ಕಡೆ ನಿಲ್ಲಿಸಿ ನೋಡಿ. ಫ್ಯಾನು ಸೆಕೆಂಡಿಗೆ ಐದು ಸುತ್ತು ಹೊಡೆಯುತ್ತಿದೆ ಎಂದುಕೊಳ್ಳೋಣ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ರೆಕ್ಕೆ ಎರಡು ಡಿಗ್ರಿಯೂ ಸರಿದಿರುವುದಿಲ್ಲ. ಆದ್ದರಿಂದ ಮೊದಲ ತುಣುಕಿನಲ್ಲಿ ಅದು ನಿಂತೇ ಇರುವಂತೆ ಕಾಣುತ್ತದೆ. ಅಂಚಿನ ಧೂಳನ್ನು ಕೂಡ ಗುರುತಿಸಬಹುದು. 1/50ರಲ್ಲಿ ರೆಕ್ಕೆ 36 ಡಿಗ್ರಿ, ಅಂದರೆ ವೃತ್ತದ ಹತ್ತನೇ ಒಂದು ಪಾಲು ಓಡಿರುತ್ತದೆ. ಅಂಚು ಮಸುಕಾಗಿದ್ದರೂ ರೆಕ್ಕೆ ರೆಕ್ಕೆಯಾಗಿಯೇ ಇರುತ್ತದೆ. 1/25ಕ್ಕೆ ಬಂದರೆ ಅದರ ಎರಡರಷ್ಟು ದೂರ ಬಳಿದುಹೋಗಿ, ರೆಕ್ಕೆ ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ.

ಇನ್ನು ನಿಲ್ಲಿಸದೆ ಓಡಿಸಿ. ಸ್ಪಷ್ಟವಾಗಿದ್ದ ಮೊದಲ ತುಣುಕೇ ಈಗ ಕಣ್ಣಿಗೆ ಚುಚ್ಚುತ್ತದೆ. ರೆಕ್ಕೆ ತಿರುಗುವುದಿಲ್ಲ, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಜಿಗಿಯುತ್ತದೆ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಏನಾಯಿತು ಎಂಬ ಸುಳಿವನ್ನು ಆ ಚೂಪಾದ ಚಿತ್ರಗಳು ಉಳಿಸಿಲ್ಲ. 1/50ರ ತುಣುಕಿನಲ್ಲಿ ಪ್ರತಿ ಚಿತ್ರದ ಮಸುಕು ಮುಂದಿನ ಚಿತ್ರದ ಕಡೆ ಕೈ ಚಾಚಿರುತ್ತದೆ, ಕಣ್ಣು ಅದನ್ನು ಹಿಡಿದುಕೊಂಡು ದಾಟುತ್ತದೆ. ಫೋಟೊದಲ್ಲಿ ಮಸುಕು ತಪ್ಪು. ವಿಡಿಯೊದಲ್ಲಿ ಅದು ಬೇಕಾದ ಪದಾರ್ಥ. ವರ್ಷಗಟ್ಟಲೆ ಫೋಟೊ ತೆಗೆದು ವಿಡಿಯೊಗೆ ಬಂದವರಿಗೆ ಇದನ್ನು ಒಪ್ಪಿಕೊಳ್ಳುವುದೇ ಕಷ್ಟ. ನನಗೂ ಆಗಿತ್ತು.

ಒಮ್ಮೆ ಒಬ್ಬ ಹುಡುಗಿ ಕೇಳಿದಳು: "ಸಾರ್, ನಮ್ಮನೆ ಫ್ಯಾನು ವಿಡಿಯೊದಲ್ಲಿ ಹಿಂದಕ್ಕೆ ತಿರುಗ್ತಿದೆಯಲ್ಲ, ಶಟರ್ ತಪ್ಪಾಯ್ತಾ?" ಇಲ್ಲ. ಅದು ಫ್ರೇಮ್ ರೇಟಿನ ಆಟ. ಸೆಕೆಂಡಿಗೆ ಐದು ಸುತ್ತು ಹೊಡೆಯುವ ಫ್ಯಾನು ಒಂದು ಫ್ರೇಮಿನಿಂದ ಇನ್ನೊಂದಕ್ಕೆ 72 ಡಿಗ್ರಿ ಮುಂದೆ ಹೋಗುತ್ತದೆ. ಮೂರು ರೆಕ್ಕೆಗಳೂ ಒಂದೇ ಥರ ಇರುವುದರಿಂದ, 48 ಡಿಗ್ರಿ ಹಿಂದೆ ಬಂದಿದ್ದರೂ ಚಿತ್ರ ಹಾಗೇ ಕಾಣುತ್ತಿತ್ತು. ಕಣ್ಣು ಹತ್ತಿರದ ದಾರಿಯನ್ನೇ ನಂಬುತ್ತದೆ. ಹಳೆಯ ಸಿನಿಮಾಗಳಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗುವುದೂ ಇದೇ ಕಾರಣಕ್ಕೆ. ಶಟರ್ ಬದಲಿಸಿದರೆ ಇದು ಹೋಗುವುದಿಲ್ಲ, ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದರೆ ಹೋಗುತ್ತದೆ.

ಫ್ರೇಮ್ ರೇಟಿನ ಎರಡರಷ್ಟು ಶಟರ್ ಎಂಬ ಲೆಕ್ಕ ಬಂದದ್ದು ಫಿಲ್ಮ್ ಕ್ಯಾಮೆರಾದಿಂದ. ಅದರೊಳಗೆ ಫಿಲ್ಮಿನ ಮುಂದೆ ಒಂದು ತಟ್ಟೆ ತಿರುಗುತ್ತಿತ್ತು. ಅರ್ಧ ತಟ್ಟೆ ಮುಚ್ಚಿದ್ದು, ಅರ್ಧ ಕತ್ತರಿಸಿ ತೆಗೆದದ್ದು. ಒಂದು ಫ್ರೇಮಿಗೆ ಒಂದು ಸುತ್ತು. ತೆರೆದ ಅರ್ಧ ಎದುರಿಗೆ ಬಂದಾಗ ಫಿಲ್ಮಿಗೆ ಬೆಳಕು ಬೀಳುತ್ತಿತ್ತು, ಮುಚ್ಚಿದ ಅರ್ಧ ಎದುರಿಗೆ ಬಂದಾಗ ಒಂದು ಕೊಂಡಿ ಫಿಲ್ಮನ್ನು ಕೆಳಗೆಳೆದು ಮುಂದಿನ ಚೌಕವನ್ನು ತಂದು ನಿಲ್ಲಿಸುತ್ತಿತ್ತು. ಹಾಗಾಗಿ ಫ್ರೇಮಿನ ಕಾಲಾವಧಿಯಲ್ಲಿ ಅರ್ಧ ಮಾತ್ರ ಬೆಳಕಿಗೆ. ಸೆಕೆಂಡಿಗೆ 24 ಫ್ರೇಮ್ ಓಡಿದರೆ ಪ್ರತಿ ಫ್ರೇಮಿಗೆ 1/48 ಸೆಕೆಂಡು ಬೆಳಕು. ತೆರೆದ ಭಾಗ 180 ಡಿಗ್ರಿ ಇರುವುದರಿಂದ ಇದನ್ನು 180 ಡಿಗ್ರಿ ಶಟರ್ ಎಂದು ಕರೆದರು. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ಇವತ್ತಿಗೂ ಸೆಕೆಂಡಿನ ಬದಲು ಡಿಗ್ರಿಯಲ್ಲಿ ಶಟರ್ ಇಡುವ ಅವಕಾಶವಿದೆ. ಲೆಕ್ಕ ಇಷ್ಟೇ:

```
ಶಟರ್ ಸಮಯ = ಡಿಗ್ರಿ ÷ (360 × ಫ್ರೇಮ್ ರೇಟ್)
180 ÷ (360 × 25) = 1/50
```

ನಿಮ್ಮ ಮಿರರ್‌ಲೆಸ್‌ನಲ್ಲಿ ತಟ್ಟೆಯೂ ಇಲ್ಲ, ಕೊಂಡಿಯೂ ಇಲ್ಲ. ಸೆನ್ಸರು ಎಷ್ಟು ಹೊತ್ತು ಬೆಳಕು ಕೂಡಿಸಬೇಕು ಎಂಬುದನ್ನು ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುತ್ತದೆ. ಆದರೂ ನೂರಕ್ಕೂ ಹೆಚ್ಚು ವರ್ಷ ಸಿನಿಮಾ ನೋಡಿದ ಕಣ್ಣುಗಳಿಗೆ ಆ ಅರ್ಧದ ಮಸುಕೇ ಸಹಜ ಎನ್ನುವಷ್ಟು ಒಗ್ಗಿಹೋಗಿದೆ. ಬೇಕೆಂದೇ ಅದನ್ನು ಮುರಿದವರೂ ಇದ್ದಾರೆ. 1998ರ 'ಸೇವಿಂಗ್ ಪ್ರೈವೇಟ್ ರಯಾನ್' ಚಿತ್ರದ ಯುದ್ಧದ ದೃಶ್ಯಗಳಲ್ಲಿ ಛಾಯಾಗ್ರಾಹಕ ಯಾನುಷ್ ಕಮಿನ್‌ಸ್ಕಿ 90 ಮತ್ತು 45 ಡಿಗ್ರಿ ಶಟರ್ ಬಳಸಿದರು. ಸಿಡಿದ ಮಣ್ಣಿನ ಒಂದೊಂದು ಹೆಂಟೆಯೂ ಬಿಡಿಬಿಡಿಯಾಗಿ ಹಾರುವುದು ಅದರಿಂದಲೇ. ನಿಮ್ಮ ಅಕ್ಕನ ಮದುವೆಯ ವಿಡಿಯೊ ಹಾಗೆ ಕಾಣಬೇಕು ಎಂದಿದ್ದರೆ ಮಾತ್ರ 1/200 ಇಡಿ.

ಲೆಕ್ಕ 24ಕ್ಕೂ ಆಗುತ್ತದೆ, 30ಕ್ಕೂ ಆಗುತ್ತದೆ. ಹಾಗಿದ್ದರೆ ನಾನು 25 ಮತ್ತು 1/50 ಎಂದೇ ಯಾಕೆ ಹಟ ಹಿಡಿಯುತ್ತೇನೆ? ಅದಕ್ಕೆ ಕಾರಣ ಕ್ಯಾಮೆರಾದಲ್ಲಿಲ್ಲ, ಗೋಡೆಯ ಪ್ಲಗ್ಗಿನಲ್ಲಿದೆ. ಈ ಪಾಠ ನಾನು ಕಲಿತದ್ದು ಒಂದು ಡೊಳ್ಳು ಕುಣಿತದ ಕಾರ್ಯಕ್ರಮ ಹಾಳು ಮಾಡಿಕೊಂಡು.

ವಿಡಿಯೊಗೆ ಹೊಸದಾಗಿ ಬಂದಿದ್ದ ಕಾಲ. ಶಿವಮೊಗ್ಗದ ಕಡೆಯ ಒಂದು ತಂಡ, ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಕುಣಿತ, ಸಂಜೆ ಸಭಾಂಗಣದಲ್ಲಿ ಮತ್ತೆ ಅದೇ ಕುಣಿತ. ಬೆಳಿಗ್ಗೆ ನಾನು ಫೋಟೊದ ಅಭ್ಯಾಸದಲ್ಲೇ ಇದ್ದೆ. ಬಿಸಿಲು ಚೆನ್ನಾಗಿತ್ತು, ಅಪರ್ಚರ್ ತೆರೆದಿಟ್ಟು ಶಟರನ್ನು ಕ್ಯಾಮೆರಾಕ್ಕೇ ಬಿಟ್ಟಿದ್ದೆ. ಅದು ಸಾವಿರದಾಚೆ ಎಲ್ಲೋ ಹೋಗಿ ಕೂತಿತ್ತು. ಮನೆಗೆ ಬಂದು ನೋಡಿದರೆ ಡೊಳ್ಳಿನ ಮೇಲೆ ಬೀಳುವ ಕೋಲು ಒಂದು ಚಿತ್ರದಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ, ನಡುವೆ ಏನೂ ಇಲ್ಲ. ಸದ್ದು ಮೈ ನಡುಗಿಸುತ್ತಿದೆ, ಚಿತ್ರ ಮಾತ್ರ ಕೀಲಿ ಕೊಟ್ಟ ಗೊಂಬೆಯ ಹಾಗೆ.

ಸಂಜೆಯಷ್ಟಕ್ಕೆ ಯಾರೋ ಎರಡರಷ್ಟಿನ ನಿಯಮ ಹೇಳಿದ್ದರು. ಕ್ಯಾಮೆರಾ 30pಯಲ್ಲಿತ್ತು. ನಿಯಮದ ಪ್ರಕಾರ 1/60 ಇಟ್ಟೆ. ಸಭಾಂಗಣದ ತುಂಬ ಟ್ಯೂಬ್‌ಲೈಟು. ಬಂದ ವಿಡಿಯೊದಲ್ಲಿ ಕೋಲಿನ ಮಸುಕು ಸುಂದರವಾಗಿತ್ತು, ಆದರೆ ಗೋಡೆಯ ಮೇಲೆ ಕಪ್ಪು ಪಟ್ಟೆಗಳು ಅಲೆಅಲೆಯಾಗಿ ಓಡುತ್ತಿದ್ದವು, ಮೊದಲಿಂದ ಕೊನೆಯವರೆಗೆ.

ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್. ಪ್ರತಿ ಆವರ್ತನದಲ್ಲಿ ಪ್ರವಾಹ ಎರಡು ಸಲ ಏರಿಳಿಯುವುದರಿಂದ, ಹಳೆಯ ಚೋಕಿನ ಟ್ಯೂಬ್‌ಲೈಟು ಮತ್ತು ಅನೇಕ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಹೆಚ್ಚುಕಡಿಮೆಯಾಗುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ, ಸೆನ್ಸರಿಗೆ ತಿಳಿಯುತ್ತದೆ. ಶಟರ್ 1/50 ಆದರೆ ಅದರೊಳಗೆ ಸರಿಯಾಗಿ ಎರಡು ಮಿಡಿತ ಹಿಡಿಸುತ್ತವೆ. ಸೆನ್ಸರಿನ ಯಾವ ಸಾಲು ಯಾವ ಕ್ಷಣದಲ್ಲಿ ಬೆಳಕು ಕೂಡಿಸಲು ಶುರುಮಾಡಿದರೂ ಅದಕ್ಕೆ ಸಿಗುವುದು ಎರಡು ಪೂರ್ತಿ ಮಿಡಿತ, ಎಲ್ಲ ಸಾಲಿಗೂ ಸಮಪಾಲು. 1/60 ಆದರೆ ಒಂದೂಮುಕ್ಕಾಲಿಗೂ ಸ್ವಲ್ಪ ಕಡಿಮೆ. ಒಂದು ಸಾಲಿಗೆ ಮಿಡಿತದ ಏರು ಹೆಚ್ಚು ಸಿಕ್ಕರೆ ಇನ್ನೊಂದಕ್ಕೆ ಇಳಿತ ಹೆಚ್ಚು ಸಿಗುತ್ತದೆ. ಅದೇ ಆ ಪಟ್ಟೆ. ಅಮೆರಿಕದ ವಿದ್ಯುತ್ತು 60 ಹರ್ಟ್ಸ್, ಅಲ್ಲಿ 30 ಮತ್ತು 1/60 ಸರಿಹೊಂದುತ್ತದೆ. ಯೂಟ್ಯೂಬಿನಲ್ಲಿ ಅಲ್ಲಿಯವರು ಹೇಳಿದ್ದನ್ನು ಹಾಗೇ ಇಲ್ಲಿ ಮಾಡಿದರೆ ನನ್ನ ಸಭಾಂಗಣದ ಗತಿಯಾಗುತ್ತದೆ.

ಆದ್ದರಿಂದ ಮೊದಲು ಮೆನು ತೆರೆದು PAL, NTSC ಎಂಬ ಆಯ್ಕೆ ಎಲ್ಲಿದೆ ಹುಡುಕಿ, PAL ಮಾಡಿಕೊಳ್ಳಿ. ಕೆಲವು ಕ್ಯಾಮೆರಾಗಳಲ್ಲಿ ಅದೇ ಆಯ್ಕೆಗೆ 50 Hz ಎಂಬಂಥ ಹೆಸರಿರುತ್ತದೆ. ಅದನ್ನು ಬದಲಿಸಿದ ಮೇಲಷ್ಟೇ 25p, 50p ಎಂಬ ಸಾಲುಗಳು ಕಾಣುವ ಕ್ಯಾಮೆರಾಗಳಿವೆ. ಕೆಲವು ಕ್ಯಾಮೆರಾ ಆಗ ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಎಂದು ಕೇಳುತ್ತವೆ. ಹೂಂ ಎನ್ನುವ ಮುನ್ನ ಕಾರ್ಡಿನಲ್ಲಿರುವುದನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ. ಯಾವ ಕಾರಣಕ್ಕೋ 30ರಲ್ಲೇ ತೆಗೆಯಬೇಕಾಗಿ ಬಂದರೂ ಟ್ಯೂಬ್‌ಲೈಟಿನಡಿ ಶಟರನ್ನು 1/50ರಲ್ಲೇ ಇಡಿ. ಲೆಕ್ಕಕ್ಕೆ ಅದು 180ರ ಬದಲು 216 ಡಿಗ್ರಿ ಆಗುತ್ತದೆ. ನೋಡುವವರ ಕಣ್ಣಿಗೆ ಆ ವ್ಯತ್ಯಾಸ ಬೀಳುವುದಿಲ್ಲ, 1/60 ಇಟ್ಟರೆ ಬರುವ ಪಟ್ಟೆ ಮಾತ್ರ ಬಿದ್ದೇ ಬೀಳುತ್ತದೆ. ವೇದಿಕೆಯ ಕೆಲವು ಎಲ್‌ಇಡಿ ದೀಪಗಳು, ಎಲ್‌ಇಡಿ ಪರದೆಗಳು ತಮ್ಮದೇ ಬೇರೆ ಲಯದಲ್ಲಿ ಮಿಡಿಯುತ್ತವೆ, ಅವಕ್ಕೆ 1/50 ಕೂಡ ಖಾತರಿಯಲ್ಲ. ಕಾರ್ಯಕ್ರಮಕ್ಕೆ ಮುಂಚೆ ದೀಪ ಹಾಕಿಸಿ ಬರೀ ಗೋಡೆಯನ್ನು ಒಂದು ನಿಮಿಷ ತೆಗೆದು ನೋಡಿಕೊಳ್ಳುವುದೇ ಅದಕ್ಕೆ ಮದ್ದು.

ಈಗ ಶಟರ್ ಕಟ್ಟಿಹಾಕಿದ ದನ. ಬೆಳಕು ಹೆಚ್ಚಾಗಲಿ, ಕಡಿಮೆಯಾಗಲಿ, ಅದನ್ನು ಮುಟ್ಟುವಂತಿಲ್ಲ. ಉಳಿದದ್ದು ಅಪರ್ಚರ್ ಮತ್ತು ಐಎಸ್‌ಓ. ಇಲ್ಲಿ ಸ್ಟಾಪ್ ಎಂಬ ಮಾತೊಂದನ್ನು ಗಟ್ಟಿಮಾಡಿಕೊಳ್ಳಬೇಕು. ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟಾಗುವುದು ಅಥವಾ ಅರ್ಧವಾಗುವುದು. ಐಎಸ್‌ಓದಲ್ಲಿ ಇದು ಸುಲಭ: 100, 200, 400, 800. ಅಪರ್ಚರಿನ ಸಂಖ್ಯೆಗಳು ಹಾಗೆ ಎರಡೆರಡರಷ್ಟಾಗಿ ಹೋಗುವುದಿಲ್ಲ, ಮಗ್ಗಿಯ ಹಾಗೆ ಬಾಯಿಪಾಠ ಮಾಡಬೇಕು: 2, 2.8, 4, 5.6, 8, 11, 16, 22. ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಒಂದೊಂದು ಹೆಜ್ಜೆಗೂ ಬೆಳಕು ಅರ್ಧ.

ಅದೇ ತಂಡವನ್ನು ಮಾರನೇ ವರ್ಷ ಮತ್ತೆ ತೆಗೆದೆ. ಆ ಸಲದ ಲೆಕ್ಕವನ್ನು ಹೇಳಿಬಿಡುತ್ತೇನೆ. ಬೆಳಿಗ್ಗೆ ಹನ್ನೊಂದರ ಬಿಸಿಲು, ಮೋಡವಿಲ್ಲ. ಫೋಟೊದವರ ಹಳೆಯ ಲೆಕ್ಕವೊಂದಿದೆ: ನೆತ್ತಿಯ ಬಿಸಿಲಿಗೆ f/16, ಐಎಸ್‌ಓ 100 ಇಟ್ಟರೆ ಶಟರ್ 1/100 ಸರಿಹೋಗುತ್ತದೆ. ನಮ್ಮ ಶಟರ್ 1/50, ಅಂದರೆ ಎರಡರಷ್ಟು ಬೆಳಕು ಒಳಗೆ ಬರುತ್ತದೆ. ಅದನ್ನು ತಡೆಯಲು ಕಿಂಡಿ ಇನ್ನೊಂದು ಹೆಜ್ಜೆ ಮುಚ್ಚಿ f/22 ಆಗಬೇಕು. ಲೆನ್ಸ್ ಅಷ್ಟು ಮುಚ್ಚಿಕೊಳ್ಳುತ್ತದೆ, ನಿಜ. ಆದರೆ ಅಷ್ಟು ಸಣ್ಣ ಕಿಂಡಿಯಲ್ಲಿ ತೂರಿದ ಬೆಳಕು ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ. ಸೆನ್ಸರಿನ ಮೇಲೆ ಕೂತ ಧೂಳಿನ ಕಣಗಳು ಆಕಾಶದಲ್ಲಿ ಬೂದು ಚುಕ್ಕೆಗಳಾಗಿ ಎದ್ದುಕಾಣುತ್ತವೆ. ಇದಕ್ಕಿಂತ ದೊಡ್ಡ ತಕರಾರು ಇನ್ನೊಂದು: ಮುಂದಿನ ಡೊಳ್ಳಿನಿಂದ ಹಿಡಿದು ಮೈದಾನದ ಆಚೆ ನಿಲ್ಲಿಸಿದ ಬೈಕುಗಳವರೆಗೆ ಎಲ್ಲವೂ ಒಂದೇ ಸ್ಪಷ್ಟತೆಯಲ್ಲಿ ಕಂಡರೆ ನೋಡುವವರ ಕಣ್ಣು ಎಲ್ಲಿ ನಿಲ್ಲಬೇಕು?

ನನಗೆ ಬೇಕಾಗಿದ್ದದ್ದು f/5.6. ತಂಡದಲ್ಲಿ ಹತ್ತಾರು ಜನ, ಅರ್ಧವೃತ್ತದಲ್ಲಿ ಹಿಂದೆ ಮುಂದೆ ಸರಿಯುತ್ತಾರೆ, ಅವರೆಲ್ಲ ಸ್ಪಷ್ಟವಾಗಿರಬೇಕು, ಬೈಕುಗಳು ಮಾತ್ರ ಹಿಂದೆ ಸರಿಯಬೇಕು. f/22ರಿಂದ f/5.6ಕ್ಕೆ ನಾಲ್ಕು ಹೆಜ್ಜೆ. ನಾಲ್ಕು ಸ್ಟಾಪ್ ಬೆಳಕು ಹೆಚ್ಚಾಗುತ್ತದೆ, ಅಂದರೆ 16 ಪಟ್ಟು. ಐಎಸ್‌ಓ ಆಗಲೇ 100ರಲ್ಲಿದೆ, ಅದಕ್ಕಿಂತ ಕೆಳಗಿಳಿಯದು. ಈ 16 ಪಟ್ಟನ್ನು ಲೆನ್ಸಿನ ಹೊರಗೇ ತಡೆಯಬೇಕು. ಎನ್‌ಡಿ ಫಿಲ್ಟರ್ ಬರುವುದು ಇಲ್ಲಿ. ಲೆನ್ಸಿಗೆ ಹಾಕುವ ಕೂಲಿಂಗ್ ಗ್ಲಾಸು ಎಂದುಕೊಳ್ಳಿ. ಬಣ್ಣ ಬದಲಿಸದೆ ಬೆಳಕನ್ನು ಮಾತ್ರ ಕಡಿಮೆ ಮಾಡುವ ಬೂದು ಗಾಜು. ಅದರ ಮೇಲಿನ ಸಂಖ್ಯೆ ಎಷ್ಟು ಪಟ್ಟು ತಡೆಯುತ್ತದೆ ಎಂದು ಹೇಳುತ್ತದೆ. ND16 ಹಾಕಿದೆ, f/5.6, 1/50, ಐಎಸ್‌ಓ 100. ಲೆಕ್ಕ ಸರಿಹೋಯಿತು. ತಂಡದ ಯಜಮಾನರ ಮುಖ ಒಂದನ್ನೇ f/2.8ರಲ್ಲಿ ತೆಗೆಯಬೇಕು ಎಂದಾಗ ಇನ್ನೆರಡು ಸ್ಟಾಪ್, ಅಂದರೆ ND64 ಬೇಕಾಯಿತು.

ತಿರುಗಿಸಿ ಕತ್ತಲು ಹೆಚ್ಚುಕಡಿಮೆ ಮಾಡುವ ವೇರಿಯಬಲ್ ಎನ್‌ಡಿ ಸಿಗುತ್ತದೆ. ಎರಡರಿಂದ ಐದು ಸ್ಟಾಪಿನದು ಮತ್ತು ಆರರಿಂದ ಒಂಬತ್ತು ಸ್ಟಾಪಿನದು ಸಾಮಾನ್ಯ. ನಾನು ಬಳಸುವುದು ಎರಡರಿಂದ ಐದರದ್ದು, ಆ ದಿನ ND16ರ ಲೆಕ್ಕಕ್ಕೆ ನಾಲ್ಕರಲ್ಲಿ ಇಟ್ಟದ್ದೂ ಅದನ್ನೇ. ಎರಡು ಧ್ರುವೀಕರಣ ಗಾಜುಗಳನ್ನು ಒಂದರ ಮೇಲೊಂದು ಇಟ್ಟು ಮಾಡಿದ್ದು ಅದು. ತೀರ ಅಗ್ಗದ್ದನ್ನು ಕೊನೆಯ ಗುರುತಿನವರೆಗೆ ತಿರುಗಿಸಿದರೆ ಚಿತ್ರದ ಮೇಲೆ ದೊಡ್ಡ ಕತ್ತರಿ ಗುರುತಿನಂಥ ನೆರಳು ಬೀಳುತ್ತದೆ. ಬಣ್ಣವೂ ಕೊಂಚ ಹಳದಿಗೆ ವಾಲಬಹುದು, ಆದ್ದರಿಂದ ವೈಟ್ ಬ್ಯಾಲೆನ್ಸನ್ನು ಫಿಲ್ಟರ್ ಹಾಕಿದ ಮೇಲೆ ಇಡಿ, ಮುಂಚೆಯಲ್ಲ.

ಕುಣಿತ ನಡೆಯುವಾಗಲೇ ಮೋಡ ಬಂತು. ಪರದೆಯ ಕೆಳಗಿನ ಮೀಟರು ಸೊನ್ನೆಯಿಂದ ಎರಡು ಸ್ಟಾಪ್ ಕೆಳಗಿಳಿಯಿತು. ಫಿಲ್ಟರನ್ನು ನಾಲ್ಕರಿಂದ ಎರಡಕ್ಕೆ ತಿರುಗಿಸಿದೆ. ಮೋಡ ಇನ್ನೂ ದಟ್ಟವಾಗಿ ಒಂದು ಸ್ಟಾಪ್ ಮತ್ತೆ ಕಡಿಮೆಯಾದಾಗ ಐಎಸ್‌ಓ 200 ಮಾಡಿದೆ. ಅಪರ್ಚರನ್ನು ಮುಟ್ಟಲಿಲ್ಲ, ಅದನ್ನು ಬದಲಿಸಿದ್ದರೆ ಬೈಕುಗಳ ಮಸುಕೂ ಬದಲಾಗಿ, ಎಡಿಟ್ ಮಾಡುವಾಗ ಎರಡು ತುಣುಕು ಪಕ್ಕಪಕ್ಕ ಕೂರುತ್ತಿರಲಿಲ್ಲ. ನನ್ನ ಕ್ರಮ ಇಷ್ಟೇ: ಶಟರ್ ದೇಶದ ವಿದ್ಯುತ್ತಿನದ್ದು, ಅಪರ್ಚರ್ ಕಥೆಯದ್ದು, ಮೋಡಬಿಸಿಲಿನ ಜಗಳವೆಲ್ಲ ಫಿಲ್ಟರು ಮತ್ತು ಐಎಸ್‌ಓಗೆ ಸೇರಿದ್ದು.

ಅಷ್ಟೆಲ್ಲ ಕಷ್ಟ ಯಾಕೆ, ಐಎಸ್‌ಓ ಆಟೊ ಇಟ್ಟರೆ ಕ್ಯಾಮೆರಾ ತಾನೇ ನೋಡಿಕೊಳ್ಳುವುದಿಲ್ಲವೇ? ಡೊಳ್ಳಿನವರ ಮುಂದೆ ಇಟ್ಟು ನೋಡಿ. ಹೆಗಲ ಮೇಲೆ ಕರಿ ಕಂಬಳಿ, ಸೊಂಟದಲ್ಲಿ ಕರಿ ಉಡುಗೆ. ಮೀಟರಿಗೆ ಕಂಬಳಿ ಎಂದರೇನು ಗೊತ್ತಿಲ್ಲ. ಕಪ್ಪು ಕಂಡರೆ ಬೆಳಕು ಸಾಲದು ಎಂದುಕೊಂಡು ಐಎಸ್‌ಓ ಏರಿಸುತ್ತದೆ. ಕಂಬಳಿ ಬೂದು ಬಣ್ಣಕ್ಕೆ ತಿರುಗುತ್ತದೆ, ಮುಖಗಳು ಬೆಳ್ಳಗೆ ಸುಟ್ಟುಹೋಗುತ್ತವೆ. ಅಷ್ಟರಲ್ಲಿ ಬಿಳಿ ಪಂಚೆಯ ಯಾರೋ ಅಡ್ಡ ಬಂದರೆ ಇಡೀ ಚಿತ್ರ ಕತ್ತಲಾಗುತ್ತದೆ, ಅವರು ಹೋದ ಮೇಲೆ ಮತ್ತೆ ಬೆಳಗುತ್ತದೆ. ಒಂದೇ ತುಣುಕಿನೊಳಗೆ ಹೀಗೆ ಉಸಿರಾಡುವ ಬೆಳಕನ್ನು ಎಡಿಟಿಂಗಿನಲ್ಲಿ ಸರಿಮಾಡುವುದು ಸುಲಭವಲ್ಲ. ಮನೆಯೊಳಗಿಂದ ಅಂಗಳಕ್ಕೆ ಒಂದೇ ಓಟದಲ್ಲಿ ನಡೆದುಹೋಗುವ ದೃಶ್ಯಕ್ಕೆ ಆಟೊ ಸರಿ. ಟ್ರೈಪಾಡ್ ಮೇಲೆ ನಿಂತ ಕ್ಯಾಮೆರಾಕ್ಕೆ ಬೇಡ.

ಕೈಯಲ್ಲೇ ಐಎಸ್‌ಓ ಇಡುವಾಗ ಮೀಟರಿಗಿಂತ ಜೀಬ್ರಾವನ್ನು ನಂಬಿ. ಮೆನುವಿನಲ್ಲಿ Zebra ಎಂದಿರುತ್ತದೆ. 100ರ ಹತ್ತಿರ ಇಟ್ಟರೆ, ಬೆಳಕು ಮಿತಿ ಮೀರಿದ ಕಡೆ ಪರದೆಯಲ್ಲಿ ಓರೆ ಗೆರೆಗಳು ಹರಿದಾಡುತ್ತವೆ. ಅವು ರೆಕಾರ್ಡ್ ಆಗುವುದಿಲ್ಲ, ಹೆದರಬೇಡಿ. ಹಣೆಯ ಮೇಲೆ, ಕೆನ್ನೆಯ ಮೇಲೆ ಗೆರೆ ಕಂಡರೆ ಬೆಳಕು ಇಳಿಸಿ. ಡೊಳ್ಳಿನ ಹಿತ್ತಾಳೆಯ ಬಳೆಯ ಮೇಲೋ ಬೈಕಿನ ಕನ್ನಡಿಯ ಮೇಲೋ ಒಂದು ಮಿಂಚು ಕಂಡರೆ ಬಿಟ್ಟುಬಿಡಿ, ಅದು ಹಾಗೇ ಇರಬೇಕಾದದ್ದು.

ಸಂಜೆ ಅದೇ ಸಭಾಂಗಣ, ಅದೇ ಟ್ಯೂಬ್‌ಲೈಟು. ಫಿಲ್ಟರ್ ಬಿಚ್ಚಿ ಜೇಬಿಗೆ ಹಾಕಿದೆ. ಇದನ್ನು ಮರೆಯುವವರು ಬಹಳ. ಬೆಳಕೇ ಸಾಲುತ್ತಿಲ್ಲ ಎಂದು ಗೋಳಾಡಿದ ಒಬ್ಬನ ಲೆನ್ಸಿನಿಂದ ನಾನೇ ಫಿಲ್ಟರ್ ಬಿಚ್ಚಿಕೊಟ್ಟಿದ್ದೇನೆ. 1/50, f/2.8 ಇಟ್ಟಾಗ ಐಎಸ್‌ಓ 800ಕ್ಕೆ ಮುಖಗಳು ಸರಿಯಾದವು. ಪಕ್ಕದಲ್ಲಿ ನನ್ನ ವಿದ್ಯಾರ್ಥಿಯ ಕ್ಯಾಮೆರಾದಲ್ಲಿ ಜೊತೆಗೇ ಬಂದ ಕಿಟ್ ಲೆನ್ಸ್ ಇತ್ತು. ಅಂಥ ಲೆನ್ಸಿನ ಮೇಲೆ 3.5-5.6 ಎಂದು ಬರೆದಿರುವುದನ್ನು ನೋಡಿರುತ್ತೀರಿ. ಜೂಮ್ ಮಾಡದಿದ್ದಾಗ 3.5, ಪೂರ್ತಿ ಜೂಮ್ ಮಾಡಿದರೆ 5.6ಕ್ಕಿಂತ ಹೆಚ್ಚು ತೆರೆಯದು. ಮುಖವನ್ನು ಹತ್ತಿರ ಎಳೆದುಕೊಂಡಾಗ ಅವನಿಗೆ ನನಗಿಂತ ಎರಡು ಸ್ಟಾಪ್ ಕಡಿಮೆ, ಐಎಸ್‌ಓ 3200 ಬೇಕಾಯಿತು.

"ಸಾರ್, ನನ್ನ ಹತ್ರ 50 ಎಂಎಂ ಇದೆ, f/1.8 ಇಟ್ಟುಬಿಡ್ಲಾ?" ಎಂದ. ಇಡಬಹುದು, ಕೂತು ಮಾತಾಡುವ ಒಬ್ಬರಿಗೆ. ಆ ಲೆನ್ಸಿನಲ್ಲಿ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾದಿಂದ ಮೂರು ಮೀಟರ್ ದೂರದವರನ್ನು f/1.8ರಲ್ಲಿ ತೆಗೆದರೆ ಸ್ಪಷ್ಟವಾಗಿರುವ ಜಾಗ ಸುಮಾರು ಒಂದು ಅಡಿಯೂ ಇಲ್ಲ. ಡೊಳ್ಳಿನವರು ಒಂದು ಹೆಜ್ಜೆ ಮುಂದೆ ಹಾಕಿದರೆ ಫೋಕಸ್ ಡೊಳ್ಳಿನ ಮೇಲೆ ಉಳಿಯುತ್ತದೋ ಮುಖದ ಮೇಲೆ ಉಳಿಯುತ್ತದೋ ದೇವರೇ ಬಲ್ಲ. ಅಲ್ಲಿ ನಾನು ಐಎಸ್‌ಓ ಏರಿಸುವ ಪಕ್ಷ. ಕಾಳುಕಾಳಾದ ಚಿತ್ರವನ್ನು ಜನ ನೋಡುತ್ತಾರೆ, ಫೋಕಸ್ ತಪ್ಪಿದ್ದನ್ನು ನೋಡುವುದಿಲ್ಲ.

ಐಎಸ್‌ಓ ಬಗ್ಗೆ ಹೊಸಬರಿಗೆ ಇರುವ ಭಯ ಅತಿ. ಐಎಸ್‌ಓ ಏರಿಸಿದರೆ ಬೆಳಕು ಹೆಚ್ಚಾಗುವುದಿಲ್ಲ, ಇರುವ ಸಂಕೇತದ ಗಟ್ಟಿತನ ಹೆಚ್ಚಾಗುತ್ತದೆ. ಮೈಕ್ ಸೆಟ್ಟಿನವರನ್ನು ಕೇಳಿ. ಮಾತಾಡುವವರು ಮೆಲ್ಲಗೆ ಮಾತಾಡಿದರೆ ವಾಲ್ಯೂಮ್ ಏರಿಸಬೇಕು, ಆಗ ಮಾತಿನ ಜೊತೆ ಸೊಯ್ಯೆನ್ನುವ ಸದ್ದೂ ಏರುತ್ತದೆ. ಚಿತ್ರದಲ್ಲಿ ಆ ಸೊಯ್ಯೇ ಕಾಳು. ಅದಕ್ಕೆ ಹೆದರಿ ಐಎಸ್‌ಓ 400ರಲ್ಲೇ ಬಿಟ್ಟು, ಕತ್ತಲಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಿಕೊಳ್ಳುತ್ತೇನೆ ಎನ್ನುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು. ವಿಡಿಯೊ ಕಾರ್ಡಿಗೆ ಹೋಗುವಾಗಲೇ ಹಿಂಡಿ ಚಿಕ್ಕದಾಗಿರುತ್ತದೆ. ಕತ್ತಲ ಭಾಗದ ವಿವರಗಳನ್ನೇ ಕ್ಯಾಮೆರಾ ಮೊದಲು ಬಿಸಾಡುವುದು. ಆಮೇಲೆ ಎಷ್ಟು ಬೆಳಗಿಸಿದರೂ ಚೌಕಚೌಕದ ಕಲೆಗಳು ಬರುತ್ತವೆಯೇ ಹೊರತು ಕಣ್ಣು ಮೂಗು ಬರುವುದಿಲ್ಲ. ಸರಿಯಾದ ಬೆಳಕಿನಲ್ಲಿ ತೆಗೆದ 3200, ಕತ್ತಲಲ್ಲಿ ತೆಗೆದು ಎತ್ತಿದ 400ಕ್ಕಿಂತ ಯಾವತ್ತೂ ಮೇಲು. ನಿಮ್ಮ ಕ್ಯಾಮೆರಾ ಎಲ್ಲಿಯವರೆಗೆ ತಡೆಯುತ್ತದೆ ಎಂದು ತಿಳಿಯಲು, ರಾತ್ರಿ ಅಡುಗೆಮನೆಯಲ್ಲಿ ದೀಪ ಹಾಕಿ ಯಾರನ್ನಾದರೂ ಕೂರಿಸಿ. 800, 1600, 3200, 6400 ಇಟ್ಟು, ಒಂದೊಂದಕ್ಕೂ ಅಪರ್ಚರ್ ಒಂದು ಹೆಜ್ಜೆ ಮುಚ್ಚುತ್ತ ಹತ್ತತ್ತು ಸೆಕೆಂಡು ತೆಗೆಯಿರಿ. ಟಿವಿಗೆ ಹಾಕಿ ನೋಡಿ. ತಲೆಗೂದಲು ಮುದ್ದೆಯಾಗುವ ಸಂಖ್ಯೆಯೇ ನಿಮ್ಮ ಗಡಿ.

ಲಾಗ್ ಪ್ರೊಫೈಲ್ ಬಗ್ಗೆ ಕೇಳುವವರಿಗೆ ಒಂದು ಮಾತು: ಈಗಲೇ ಬೇಡ. ಅದರಲ್ಲಿ ಕನಿಷ್ಠ ಐಎಸ್‌ಓ ಅನೇಕ ಕ್ಯಾಮೆರಾಗಳಲ್ಲಿ 800ರ ಆಸುಪಾಸಿನಲ್ಲಿರುತ್ತದೆ. ಮೈದಾನದ ಬಿಸಿಲಿಗೆ ನನಗೆ ಸಾಕಾಗಿದ್ದ ನಾಲ್ಕು ಸ್ಟಾಪಿನ ಫಿಲ್ಟರಿಗೆ ಇನ್ನೂ ಮೂರು ಸೇರಿ ಏಳು ಸ್ಟಾಪ್ ಬೇಕಾಗುತ್ತದೆ.

ಸ್ಲೋ ಮೋಷನ್ನಿಗೂ ಲೆಕ್ಕ ಇದೇ, ಆದರೆ ಕ್ಯಾಮೆರಾ ತೆಗೆಯುವ ಫ್ರೇಮ್ ರೇಟನ್ನು ನೋಡಬೇಕು, ಕೊನೆಗೆ ಓಡುವ ರೇಟನ್ನಲ್ಲ. 50pಗೆ 1/100, ಅದರೊಳಗೆ ಸರಿಯಾಗಿ ಒಂದು ಮಿಡಿತ ಹಿಡಿಯುವುದರಿಂದ ಟ್ಯೂಬ್‌ಲೈಟಿಗೂ ತೊಂದರೆಯಿಲ್ಲ. 100pಗೆ 1/200 ಆಗಬೇಕು. ಅದು ಅರ್ಧ ಮಿಡಿತ, ಸಭಾಂಗಣದಲ್ಲಿ ಮತ್ತೆ ಪಟ್ಟೆ. ಬಿಸಿಲಿಗೆ ಮಾತ್ರ ಇಟ್ಟುಕೊಳ್ಳಿ. ಇನ್ನು ಕತ್ತಲು ತೀರ ಹೆಚ್ಚಾಗಿ, ಕಿಂಡಿ ಪೂರ್ತಿ ತೆರೆದು, ಐಎಸ್‌ಓ ಗಡಿ ಮುಟ್ಟಿ, ಬೇರೆ ದಾರಿಯೇ ಇಲ್ಲದಾಗ 25pಯಲ್ಲಿ 1/25ಕ್ಕೆ ಇಳಿಯಬಹುದು. ದೀಪ ಹಚ್ಚಿಟ್ಟ ದೇವರಕೋಣೆಯಂಥ ಅಲುಗದ ದೃಶ್ಯಕ್ಕೆ ಅದು ನಡೆಯುತ್ತದೆ. ಕುಣಿತಕ್ಕೆ ನಡೆಯುವುದಿಲ್ಲ, ಆ ಮೂರನೇ ಫ್ಯಾನಿನ ತುಣುಕನ್ನು ನೆನಪಿಸಿಕೊಳ್ಳಿ.

ಮುಂದಿನ ವಾರ ತರಗತಿಗೆ ಬರುವಾಗ ಇನ್ನೊಂದು ಲೆನ್ಸ್ ಕೊಂಡು ತರಬೇಡಿ, ಅದರ ಹತ್ತನೇ ಒಂದು ಭಾಗ ದುಡ್ಡಿಗೆ ಒಳ್ಳೆಯ ಎನ್‌ಡಿ ಫಿಲ್ಟರ್ ತನ್ನಿ. ಅಂಗಡಿಗೆ ಹೋಗುವ ಮುಂಚೆ ಲೆನ್ಸಿನ ಮುಂಭಾಗದಲ್ಲೋ ಮುಚ್ಚಳದ ಒಳಬದಿಯಲ್ಲೋ ⌀ ಗುರುತಿನ ಪಕ್ಕ ಇರುವ ಸಂಖ್ಯೆಯನ್ನು ಬರೆದುಕೊಳ್ಳಿ. ಫಿಲ್ಟರಿನ ಅಳತೆ ಅದೇ. ಎರಡು ಲೆನ್ಸ್ ಇದ್ದರೆ ದೊಡ್ಡ ಸಂಖ್ಯೆಯದಕ್ಕೆ ಫಿಲ್ಟರ್ ಕೊಂಡು, ಚಿಕ್ಕದಕ್ಕೆ ಸ್ಟೆಪ್-ಅಪ್ ರಿಂಗ್ ಕೇಳಿ.